ಒಂದೇ ಮಳೆ, ಮೂರು ನಡೆ: ರಗಳೆಯ ಗಣಗಳು ಪದ್ಯಕ್ಕೆ ಕೊಡುವ ಜೀವ

ಕೆಳಗಿನ ಎರಡು ಸಾಲುಗಳನ್ನು ಬಾಯಿಬಿಟ್ಟು ಓದಿ ನೋಡಿ. ಎರಡನ್ನೂ ಈ ಲೇಖನಕ್ಕೆಂದೇ ಕಟ್ಟಿದ್ದೇನೆ. ವಸ್ತು ನಮ್ಮ ಬೆಂಗಳೂರಿನ ಮೇ ತಿಂಗಳ ಸಂಜೆಯ ಮಳೆ.

ತಾಳವನು ಹಾಕುತಲಿ ಮಳೆಹನಿಗಳಾಡಿದವು

ತಾಳದೊಳಾಡುತ ವಿಶಾಲ ನಗರಕೆ ಬಂತೈ

ಮಾತ್ರೆಗಳನ್ನು ಎಣಿಸಿದರೆ ಎರಡೂ ಸಾಲುಗಳಲ್ಲಿ ಸರಿಯಾಗಿ 20 ಮಾತ್ರೆಗಳಿವೆ. ಆದರೂ ಕಿವಿಗೆ ಇವು ಒಂದೇ ಜಾತಿಯ ಸಾಲುಗಳೆಂದು ಕೇಳಿಸುವುದಿಲ್ಲ. ಮೊದಲನೆಯದು ತೂಗಿಕೊಂಡು ಹೋಗುತ್ತದೆ, ಓದುತ್ತಿರುವಾಗಲೇ ದನಿ ಹಾಡಿನ ಕಡೆಗೆ ಜಾರುತ್ತದೆ. ಎರಡನೆಯದು ಅರ್ಧ ದಾರಿಯಲ್ಲಿ, ‘ವಿಶಾಲ’ ಎಂಬಲ್ಲಿ, ಒಂದು ಕ್ಷಣ ಕಾಲು ಬದಲಿಸಿ ಮತ್ತೆ ನೆಲಕ್ಕೆ ಬರುತ್ತದೆ. ಅದು ಹಾಡಿಗಿಂತ ಹೇಳಿಕೆಗೆ ಹತ್ತಿರ. ಒಟ್ಟು ಮೊತ್ತ ಒಂದೇ ಇದ್ದೂ ಅನುಭವ ಬೇರೆಯಾಗುವುದಕ್ಕೆ ಕಾರಣ ಗಣಗಳು, ಅಂದರೆ ಆ 20 ಮಾತ್ರೆಗಳನ್ನು ಎಲ್ಲಿ ಕತ್ತರಿಸಿ ಎಷ್ಟೆಷ್ಟರ ಗುಂಪು ಮಾಡಿದ್ದೇವೆ ಎಂಬುದು. ಮೊದಲ ಸಾಲು ಐದೈದರ ನಾಲ್ಕು ಗುಂಪು, ಎರಡನೆಯದು ನಾಲ್ಕು ನಾಲ್ಕರ ಐದು ಗುಂಪು.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಅಂಕ ಗಳಿಸಿದವರಿಗೆ ಇದರ ಲೆಕ್ಕ ನೆನಪಿರಬಹುದು. ಹ್ರಸ್ವಾಕ್ಷರ ಲಘು, ಅದಕ್ಕೆ 1 ಮಾತ್ರೆ, ಗುರುತು ∪. ದೀರ್ಘಾಕ್ಷರ ಗುರು, ಅದಕ್ಕೆ 2 ಮಾತ್ರೆ, ಗುರುತು —. ಅನುಸ್ವಾರ ವಿಸರ್ಗಗಳಿಂದ ಕೂಡಿದ ಅಕ್ಷರವೂ ಒತ್ತಕ್ಷರದ ಹಿಂದಿನ ಅಕ್ಷರವೂ ಗುರುವೇ. ‘ಬಿತ್ತು’ ಎಂಬ ಮಾತಿನಲ್ಲಿ ‘ಬಿ’ ಹ್ರಸ್ವವಾಗಿದ್ದರೂ ಮುಂದೆ ‘ತ್ತು’ ಇರುವುದರಿಂದ ಅದು ಗುರು. ಒಟ್ಟು ಮೂರು ಮಾತ್ರೆ. ಇಷ್ಟು ತಿಳಿದಿದ್ದರೆ ಮುಂದಿನದಕ್ಕೆ ಸಾಕು. ಆದರೆ ಶಾಲೆಯ ಪ್ರಸ್ತಾರದಲ್ಲಿ ಗಣವೆಂದರೆ ಪೆನ್ಸಿಲಿನಿಂದ ಎಳೆದ ಅಡ್ಡಗೆರೆ ಮಾತ್ರ ಆಗಿಬಿಡುತ್ತದೆ. ನಿಜದಲ್ಲಿ ಗಣದ ಮೊದಲ ಮಾತ್ರೆಯೆಂದರೆ ತಾಳದ ಪೆಟ್ಟು ಬೀಳುವ ಜಾಗ. ಪೆಟ್ಟು ಎಷ್ಟು ಹೊತ್ತಿಗೊಮ್ಮೆ ಬೀಳುತ್ತದೆ ಎಂಬುದರ ಮೇಲೆ ಪದ್ಯದ ನಡೆ ನಿಂತಿದೆ.

ಇದನ್ನು ಕಾಣಲು ರಗಳೆಗಿಂತ ಒಳ್ಳೆಯ ಜಾಗವಿಲ್ಲ. ವೃತ್ತಗಳಲ್ಲಿ ಯಾವ ಅಕ್ಷರ ಗುರು, ಯಾವುದು ಲಘು ಎಂಬುದೆಲ್ಲ ಮೊದಲೇ ಗೊತ್ತುಮಾಡಿದ್ದು. ಷಟ್ಪದಿಗೆ ಆರು ಸಾಲಿನ ಚೌಕಟ್ಟಿದೆ. ರಗಳೆಗೆ ಅಂಥ ಕಟ್ಟುಪಾಡು ಬಹಳ ಕಡಿಮೆ. ಕ್ರಿ.ಶ. 990ರ ಸುಮಾರಿನ ನಾಗವರ್ಮನ ‘ಛಂದೋಂಬುಧಿ’ ಇದನ್ನು ರಘಟಾಬಂಧ ಎಂದು ಕರೆದು, ಗಣದ ನಿಯಮ ಹೇಗೇ ಇರಲಿ, ಮಾತ್ರೆ ಸಮನಾಗಿದ್ದು ತಾಳದ ಎಣಿಕೆಗೆ ಒಪ್ಪಿದರೆ ಆಯಿತು ಎಂಬ ಅರ್ಥದ ಲಕ್ಷಣ ಹೇಳುತ್ತದೆ. ತಾಳಕ್ಕೆ ಒಪ್ಪಬೇಕು ಎಂಬುದೇ ಇಲ್ಲಿ ಮುಖ್ಯ ಮಾತು. ಸಾಲುಗಳು ಎರಡೆರಡಾಗಿ ಜೊತೆಗೂಡುತ್ತವೆ, ಆದಿಪ್ರಾಸವೂ ಅಂತ್ಯಪ್ರಾಸವೂ ಆ ಜೋಡಿಯನ್ನು ಬಿಗಿಯುತ್ತವೆ, ಆದರೆ ಇಷ್ಟೇ ಸಾಲು ಎಂಬ ಮಿತಿ ಇಲ್ಲ. ಕತೆ ಎಷ್ಟು ದೂರ ಹೋಗುತ್ತದೋ ರಗಳೆಯೂ ಅಷ್ಟು ದೂರ ಹೋಗುತ್ತದೆ. 1200ರ ಆಸುಪಾಸಿನಲ್ಲಿ ಹಂಪೆಯ ಹರಿಹರ ಶಿವಶರಣರ ಬದುಕನ್ನು ಹೇಳಲು ಇದನ್ನು ಆರಿಸಿಕೊಂಡದ್ದು, ‘ರಗಳೆಯ ಕವಿ’ ಎನ್ನಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ರಗಳೆಯಲ್ಲಿ ಮೂರು ಬಗೆ. ಉತ್ಸಾಹ ರಗಳೆಯ ಸಾಲಿನಲ್ಲಿ ಮೂರು ಮಾತ್ರೆಯ ನಾಲ್ಕು ಗಣ, ಮಂದಾನಿಲದಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ, ಲಲಿತದಲ್ಲಿ ಐದು ಮಾತ್ರೆಯ ನಾಲ್ಕು ಗಣ. ಸಂಗೀತ ಬಲ್ಲವರ ಮಾತಿನಲ್ಲಿ ಹೇಳುವುದಾದರೆ ಕ್ರಮವಾಗಿ ತಿಶ್ರ, ಚತುರಶ್ರ, ಖಂಡ ನಡೆಗಳು. ಮೂರರಲ್ಲೂ ಗಣಗಳ ಸಂಖ್ಯೆ ನಾಲ್ಕೇ ಆದ್ದರಿಂದ ಬದಲಾಗುವುದು ಗಣದ ಅಳತೆ ಮಾತ್ರ. ಹಾಗಾದರೆ ಒಂದೇ ಚಿತ್ರವನ್ನು, ಸಾಧ್ಯವಾದಷ್ಟೂ ಅದೇ ಮಾತುಗಳಲ್ಲಿ, ಮೂರೂ ನಡೆಗಳಿಗೆ ಹಾಕಿದರೆ ಏನಾಗುತ್ತದೆ? ಗಾಳಿ ಬೀಸುವುದು, ಮೋಡ ಕೂಡುವುದು, ಹನಿ ಬೀಳುವುದು, ಗಾಳಿ ಮರಗಳನ್ನು ತೂಗಿ ಜನರ ನಡುವೆ ಹಾಯುವುದು. ಇಷ್ಟೇ ಚಿತ್ರ.

ಮೊದಲು ಉತ್ಸಾಹ:

ಗಾಳಿ | ಬೀಸಿ | ಮೋಡ | ಕೂಡಿ
ತಾಳ | ಹಾಕಿ | ಹನಿಗ | ಳಾಡಿ
ಮರದ | ತಲೆಯ | ತೂಗಿ | ತೂಗಿ
ಹರಿವ | ಜನರ | ನಡುವೆ | ಸಾಗಿ

ಈಗ ಮಂದಾನಿಲ:

ಗಾಳಿಯು | ಬೀಸಿತು | ಮೋಡವು | ಕೂಡಿತು
ತಾಳವ | ಹಾಕುತ | ಮಳೆಹನಿ | ಮೂಡಿತು
ಮರಗಳ | ತಲೆಯನು | ಮೆಲ್ಲನೆ | ತೂಗುತ
ಹರಿಯುವ | ಜನಗಳ | ನಡುವಲಿ | ಸಾಗುತ

ಕೊನೆಗೆ ಲಲಿತ:

ಗಾಳಿಯಲೆ | ಬೀಸಿತದೊ | ಮೋಡಗಳು | ಕೂಡಿದವು
ತಾಳವನು | ಹಾಕುತಲಿ | ಮಳೆಹನಿಗ | ಳಾಡಿದವು
ಮರಮರದ | ತಲೆಗಳನು | ಮೆಲ್ಲಮೆ | ಲ್ಲನೆ ತೂಗಿ
ಹರಿಯುತಿಹ | ಜನದ ನಡು | ನಡುವಿನಲಿ | ತಾ ಸಾಗಿ

ಅಡ್ಡಗೆರೆಯ ನಂತರದ ಮೊದಲ ಅಕ್ಷರಕ್ಕೆ ಬೆರಳಿನಿಂದ ಮೇಜು ತಟ್ಟುತ್ತಾ, ಪ್ರತಿ ಮಾತ್ರೆಗೂ ಒಂದೇ ಹೊತ್ತು ಕೊಟ್ಟು ಮೂರನ್ನೂ ಓದಿ. ಉತ್ಸಾಹದಲ್ಲಿ ಬೆರಳಿಗೆ ಬಿಡುವಿಲ್ಲ. 60 ಮಾತ್ರೆ ಓದುವಷ್ಟು ಹೊತ್ತಿನಲ್ಲಿ ಉತ್ಸಾಹದಲ್ಲಿ 20 ಪೆಟ್ಟು ಬೀಳುತ್ತವೆ, ಮಂದಾನಿಲದಲ್ಲಿ 15, ಲಲಿತದಲ್ಲಿ 12. ಓದುವ ವೇಗ ಹೆಚ್ಚಿಸದೆಯೇ ಉತ್ಸಾಹ ಅವಸರದ್ದಾಗಿ ಕೇಳಿಸುವುದಕ್ಕೆ ಇದು ಮೊದಲ ಕಾರಣ. ಇದರ ಜೊತೆಗೆ ಪ್ರಾಸವೂ ಬೇಗ ಬಂದು ತಟ್ಟುತ್ತದೆ. ‘ಕೂಡಿ’ಗೆ ‘ಆಡಿ’ ಸಿಗುವ ಹೊತ್ತಿಗೆ ಜೋಡಿಯ ಮೊದಲಿನಿಂದ 24 ಮಾತ್ರೆ ಕಳೆದಿರುತ್ತವೆ. ಲಲಿತದಲ್ಲಿ ‘ಕೂಡಿದವು’ಗೆ ‘ಆಡಿದವು’ ಸಿಗಲು ಜೋಡಿಯ ಮೊದಲಿನಿಂದ 40 ಮಾತ್ರೆ ಕಾಯಬೇಕು. ಪ್ರಾಸದ ನಿರೀಕ್ಷೆ ಎಷ್ಟು ಹೊತ್ತು ಬಾಕಿ ಉಳಿಯುತ್ತದೆ ಎಂಬುದೂ ಪದ್ಯದ ಹದವನ್ನು ನಿರ್ಧರಿಸುವ ಸಂಗತಿ.

ಛಂದಸ್ಸಿನ ಪಾಠಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ: ಮೂರಕ್ಕೆ ವೇಗ, ನಾಲ್ಕಕ್ಕೆ ಸಮಾಧಾನ, ಐದಕ್ಕೆ ಲಾಲಿತ್ಯ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧ ಕನ್ನಡ ಭಾಷೆಯ ಮೈಕಟ್ಟಿನಲ್ಲಿದೆ, ನನಗೆ ಅದೇ ಹೆಚ್ಚು ಮುಖ್ಯವೆನ್ನಿಸುತ್ತದೆ.

ಮೂರು ಪದ್ಯಗಳನ್ನು ಅಡ್ಡಡ್ಡ ಓದುವುದನ್ನು ಬಿಟ್ಟು, ಒಂದೊಂದು ಮಾತು ಮೂರು ಕಡೆ ಯಾವ ರೂಪದಲ್ಲಿ ಬಂದಿದೆ ಎಂದು ನೋಡಿ. ‘ತಾಳ’, ‘ತಾಳವ’, ‘ತಾಳವನು’. ‘ಮೋಡ’, ‘ಮೋಡವು’, ‘ಮೋಡಗಳು’. ‘ತಲೆಯ’, ‘ತಲೆಯನು’, ‘ತಲೆಗಳನು’. ‘ಹರಿವ’, ‘ಹರಿಯುವ’, ‘ಹರಿಯುತಿಹ’. ಕನ್ನಡದಲ್ಲಿ ಮಾತಿನ ಸಂಬಂಧಗಳೆಲ್ಲ ಕೊನೆಗೆ ಅಂಟಿಕೊಳ್ಳುವ ಪ್ರತ್ಯಯಗಳಲ್ಲಿವೆ. ಬಹುವಚನ, ವಿಭಕ್ತಿ, ಕಾಲ, ಯಾವುದನ್ನು ಸೇರಿಸಿದರೂ ಒಂದೋ ಎರಡೋ ಮಾತ್ರೆ ಹೆಚ್ಚಾಗುತ್ತದೆ. ಹೀಗಾಗಿ ಗಣದ ಅಳತೆ ಗೊತ್ತುಮಾಡಿದ ಕೂಡಲೇ ವ್ಯಾಕರಣದ ಎಷ್ಟು ಭಾಗ ಒಳಗೆ ಬರಬಹುದು ಎಂಬುದೂ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ.

ಮೂರು ಮಾತ್ರೆಯ ಗಣದಲ್ಲಿ ಪ್ರತ್ಯಯಕ್ಕೆ ಜಾಗ ಬಹಳ ಕಡಿಮೆ. ‘ಗಾಳಿ’, ‘ಮೋಡ’, ‘ತಾಳ’ ಬರಿಯ ಪ್ರಕೃತಿರೂಪದಲ್ಲಿ ನಿಲ್ಲುತ್ತವೆ. ಕ್ರಿಯಾಪದವೂ ಪೂರ್ತಿಯಾಗುವುದಿಲ್ಲ. ‘ಬೀಸಿತು’ ಎನ್ನಲು ನಾಲ್ಕು ಮಾತ್ರೆ ಬೇಕು, ಆದ್ದರಿಂದ ‘ಬೀಸಿ’ ಎಂದು ಬಿಡಬೇಕು. ಕೂಡಿ, ಹಾಕಿ, ಆಡಿ, ತೂಗಿ, ಸಾಗಿ, ಎಲ್ಲವೂ ಹೀಗೆಯೇ ‘ಮುಂದೇನು?’ ಎಂದು ಕೇಳಿಸುವ ಅಪೂರ್ಣ ರೂಪಗಳು. ಉತ್ಸಾಹ ರಗಳೆ ಓಡುತ್ತಿದೆ ಎನ್ನಿಸುವುದು ಪೆಟ್ಟಿನಿಂದ ಎಷ್ಟೋ, ಮುಗಿಯದ ಈ ಕ್ರಿಯೆಗಳಿಂದಲೂ ಅಷ್ಟೇ. ಕೇಳುವವರು ನಿಲ್ಲುವುದಕ್ಕೆ ವ್ಯಾಕರಣವೇ ಎಡೆ ಕೊಡುವುದಿಲ್ಲ.

ಮಂದಾನಿಲಕ್ಕೆ ಬಂದ ತಕ್ಷಣ ‘ಗಾಳಿಯು ಬೀಸಿತು’ ಎಂದು ಕರ್ತೃವೂ ಕ್ರಿಯೆಯೂ ಪೂರ್ಣವಾಗುತ್ತವೆ. ಎರಡು ಗಣಕ್ಕೆ ಒಂದು ವಾಕ್ಯ ಮುಗಿಯುತ್ತದೆ, ಮತ್ತೆರಡು ಗಣಕ್ಕೆ ಇನ್ನೊಂದು. ನಾಲ್ಕು ಎಂಬುದು ಎರಡು ಸಮಭಾಗವಾಗುವ ಸಂಖ್ಯೆ, ಗಣದ ನಡುವೆಯೂ ಒಂದು ಸಣ್ಣ ಪೆಟ್ಟು ಬೀಳುತ್ತದೆ. ಎಡಗಾಲು ಬಲಗಾಲು ಸಮವಾಗಿ ಬೀಳುವ ನಡಿಗೆ ಅದು. ಆ ಸಮತೆ ವಾಕ್ಯರಚನೆಗೂ ಹಬ್ಬುತ್ತದೆ. ಮಕ್ಕಳ ಪದ್ಯಗಳೂ ಭಜನೆಗಳೂ ನಾಲ್ಕರ ನಡೆಯನ್ನು ಇಷ್ಟೊಂದು ಬಳಸುವುದಕ್ಕೆ ಕಾರಣ ಇಲ್ಲಿಯೇ ಇದೆ. ಹೇಳುವುದು ತುಂಡುತುಂಡಾಗಿ, ಪೂರ್ತಿಯಾಗಿ, ನೆನಪಿನಲ್ಲಿ ಕೂರುವಂತೆ ಬರುತ್ತದೆ.

ಮಂದಾನಿಲದಲ್ಲಿ ಇನ್ನೊಂದು ಸೌಕರ್ಯವಿದೆ. ನಾಲ್ಕು ನಾಲ್ಕರ ಎರಡು ಗಣದ ಬದಲು, ಅದೇ ಎಂಟು ಮಾತ್ರೆಗಳನ್ನು ಮೂರು ಮತ್ತು ಐದಾಗಿಯೂ ಒಡೆಯಬಹುದು. ‘ಮರದ | ತಲೆಗಳನು | ಮೆಲ್ಲ | ತೂಗುತಲಿ’ ಎಂದಾಗ ಮೊತ್ತ 16 ಮಾತ್ರೆಯೇ, ಆದರೆ ಸಾಲು ಕುಂಟದೆ ವಾಲುತ್ತದೆ. ಉದ್ದಕ್ಕೂ 4+4 ಕೇಳಿ ಕಿವಿ ಸೋತಾಗ ನಡುವೆ ಇಂಥ ಒಂದು ಸಾಲು ಬಂದರೆ ಪದ್ಯ ಚೇತರಿಸಿಕೊಳ್ಳುತ್ತದೆ.

ಲಲಿತದ ವಿಚಾರ ಇನ್ನೂ ಸ್ವಾರಸ್ಯದ್ದು. ಐದನ್ನು ಸಮವಾಗಿ ಒಡೆಯಲು ಬರುವುದಿಲ್ಲ. ಅದು 3+2 ಆಗಬೇಕು, ಇಲ್ಲವೇ 2+3. ‘ಮೆಲ್ಲಮೆ’ (— ∪ —) ಮೂರರ ಮೇಲೆ ಎರಡು. ಅದರ ಪಕ್ಕದ ‘ಲ್ಲನೆ ತೂಗಿ’ (∪ ∪ — ∪) ಎರಡರ ಮೇಲೆ ಮೂರು. ಒಂದು ಗಣ ಮುಂದಕ್ಕೆ ಭಾರ ಹಾಕಿದರೆ ಮುಂದಿನದು ಹಿಂದಕ್ಕೆ ಭಾರ ಹಾಕುತ್ತದೆ. ಉಯ್ಯಾಲೆಯ ಹಾಗೆ ಒಂದು ತುದಿಯಲ್ಲಿ ತುಸು ಹೆಚ್ಚು ಹೊತ್ತು ತಂಗುವ ತೂಗಾಟ. ‘ಮರಮರದ’ದಂಥ ಐದೂ ಲಘುಗಳ ಗಣ ಬಂದಾಗ ಆ ಭಾರ ಹರಡಿಹೋಗಿ ಸಾಲು ಹಗುರವಾಗುತ್ತದೆ, ‘ತಾ ಸಾಗಿ’ (— — ∪) ಎಂದು ಎರಡು ಗುರು ಒಟ್ಟಿಗೆ ಬಂದಾಗ ತಡೆದು ನಿಲ್ಲುತ್ತದೆ. ಎಂದರೆ ಲಲಿತದಲ್ಲಿ ಕವಿಗೆ ಗಣದ ಒಳಗೇ ಏರಿಳಿತ ಮಾಡಲು ಎಡೆಯಿದೆ. ಮೂರು ಮಾತ್ರೆಯ ಗಣದಲ್ಲಿ — ∪ ಮತ್ತು ∪ ∪ ∪ ಎಂಬ ಎರಡೇ ರೂಪಗಳು ನಿರಾಯಾಸವಾಗಿ ಸಿಗುತ್ತವೆ, ಐದರಲ್ಲಿ ಆರು ಸಿಗುತ್ತವೆ.

ಐದು ಮಾತ್ರೆಯೊಳಗೆ ಬಹುವಚನ, ವಿಭಕ್ತಿ ಎರಡೂ ಹಿಡಿಯುವುದರಿಂದ (‘ತಲೆಗಳನು’) ಯಾವುದು ಯಾವುದಕ್ಕೆ ಸೇರಿದ್ದು ಎಂಬುದು ಸ್ಪಷ್ಟವಾಗುತ್ತದೆ. ಹೀಗಾಗಿ ವರ್ಣನೆಗೂ ಮಾತುಕತೆಗೂ ದೀರ್ಘ ಕಥನಕ್ಕೂ ಐದರ ನಡೆ ಒದಗಿಬರುತ್ತದೆ. ಹರಿಹರನ ಬಳಗದ ರಾಘವಾಂಕ ಬಳಸಿದ ವಾರ್ಧಕ ಷಟ್ಪದಿಯೂ ಇದೇ ಐದರ ನಡೆಯದು. ಅದರ ಮೊದಲ ಸಾಲಿನ ಅಳತೆಯೂ ಲಲಿತ ರಗಳೆಯ ಸಾಲಿನ ಅಳತೆಯೂ ಒಂದೇ, 20 ಮಾತ್ರೆ. ಆದರೆ ವಾರ್ಧಕದ ಮೂರನೆಯ ಸಾಲು ಆರು ಗಣಗಳಿಗೆ ಬೆಳೆದು, ಕೊನೆಗೆ ಒಂದು ಗುರುವಿನ ಮೇಲೆ ಬಂದು ನಿಲ್ಲುತ್ತದೆ. ರಗಳೆಗೆ ಅಂಥ ನಿಲುಗಡೆ ಇಲ್ಲ.

ಹೆಚ್ಚು ಜಾಗ ಇರುವುದರಲ್ಲಿ ಅಪಾಯವೂ ಇದೆ. ಮೇಲಿನ ಲಲಿತ ಪದ್ಯದಲ್ಲಿ ‘ಬೀಸಿತದೊ’ ಎಂಬಲ್ಲಿನ ‘ಅದೊ’, ಕೊನೆಯ ಸಾಲಿನ ‘ತಾ’, ಇವು ಅರ್ಥಕ್ಕಾಗಿ ಬಂದವಲ್ಲ. ಗಣ ತುಂಬಲು ಬಂದವು. ಇದನ್ನು ತೋರಿಸಲೆಂದೇ ಅವನ್ನು ಹಾಗೆಯೇ ಇಟ್ಟಿದ್ದೇನೆ. ‘ಅದೊ’ಗೆ ನೋಡುವವರ ಬೆರಗಿನ ದನಿಯಾದರೂ ಇದೆ. ‘ತಾ’ ತೆಗೆದರೆ ಚಿತ್ರದಿಂದ ಏನೂ ಕಳೆಯುವುದಿಲ್ಲ, ಎರಡು ಮಾತ್ರೆ ಮಾತ್ರ ಕಳೆಯುತ್ತವೆ. ಲಲಿತದಲ್ಲಿ ಬರೆಯುವವರು ತಮ್ಮ ಸಾಲನ್ನು ಪರೀಕ್ಷಿಸಲು ಇದು ಸುಲಭ ದಾರಿ: ಮಾತೊಂದನ್ನು ತೆಗೆದು, ಹೋದದ್ದು ಚಿತ್ರವೋ ಮಾತ್ರೆಯೋ ಎಂದು ನೋಡುವುದು. ಉತ್ಸಾಹದಲ್ಲಿ ಇದಕ್ಕೆ ವಿರುದ್ಧವಾದ ದೋಷ ಕಾಣಿಸಿಕೊಳ್ಳುತ್ತದೆ. ವಿಭಕ್ತಿ ಹಿಡಿಯದೆ ಮಾತುಗಳು ಬಿಡಿಬಿಡಿಯಾಗಿ ಉದುರಿ, ಯಾರು ಏನು ಮಾಡಿದರು ಎಂಬುದೇ ತಿಳಿಯದಂತಾಗುತ್ತದೆ. ಉತ್ಸಾಹದ ನಾಲ್ಕು ಸಾಲುಗಳನ್ನು ಮತ್ತೆ ಓದಿ: ಮರದ ತಲೆಯನ್ನು ತೂಗಿದ್ದು ಗಾಳಿಯೋ ಮೋಡವೋ ಎಂದು ಕೇಳಿದರೆ ಪದ್ಯ ಉತ್ತರ ಕೊಡುವುದಿಲ್ಲ.

ಉತ್ಸಾಹದಲ್ಲಿ ಉಸಿರು ತೆಗೆದುಕೊಳ್ಳಲು ಕವಿಗಳು ಕಂಡುಕೊಂಡ ಉಪಾಯವೆಂದರೆ ಕೊನೆಯ ಗಣವನ್ನು ಮೊಟಕು ಮಾಡುವುದು. ಮೂರು ಗಣ ಪೂರ್ತಿಯಾಗಿ ಬಂದು, ನಾಲ್ಕನೆಯ ಕಡೆ ಒಂದು ಗುರು ಮಾತ್ರ ಉಳಿಯುತ್ತದೆ. ‘ಮೋಡ | ಕೂಡಿ | ಕರೆಯಿ | ತೈ’. ಬಾಯಿ 11 ಮಾತ್ರೆಗೆ ನಿಲ್ಲುತ್ತದೆ, ತಾಳ ಮಾತ್ರ 12 ಎಣಿಸುತ್ತದೆ. ಉಳಿದ ಒಂದು ಮಾತ್ರೆಯ ಮೌನವೂ ಸಾಲಿನ ಭಾಗವೇ. ಅದನ್ನು ನುಂಗಿ ಮುಂದಿನ ಸಾಲಿಗೆ ಹಾರಿದರೆ ನಾಲ್ಕೈದು ಸಾಲು ಹೋಗುವುದರೊಳಗೆ ಓದುವವರ ದನಿಗೂ ಮೇಜು ತಟ್ಟುವ ಬೆರಳಿಗೂ ಹೊಂದಿಕೆ ತಪ್ಪುತ್ತದೆ.

ಈಗ ಲೆಕ್ಕ ಸರಿಯಿದ್ದೂ ನಡೆ ಕೆಡುವ ಪ್ರಸಂಗಕ್ಕೆ ಬರೋಣ. ಹೊಸದಾಗಿ ಛಂದೋಬದ್ಧವಾಗಿ ಬರೆಯುವವರು ಎಲ್ಲಕ್ಕಿಂತ ಹೆಚ್ಚು ಸಿಕ್ಕಿಬೀಳುವ ಜಾಗ ಇದು. ಈ ಸಾಲನ್ನು ಉತ್ಸಾಹದ ತಾಳಕ್ಕೆ ಓದಿ:

ಗಾಳಿ | ಬೀಸಿ | ಅದೋ | ಮೋಡ

ಮೂರು ಮೂರರ ನಾಲ್ಕು ಗಣ, 12 ಮಾತ್ರೆ, ಲೆಕ್ಕದಲ್ಲಿ ಏನೂ ಕೊರತೆಯಿಲ್ಲ. ಆದರೆ ‘ಅದೋ’ ಬಂದಾಗ ನಾಲಿಗೆ ತೊಡರುತ್ತದೆ. ಪೆಟ್ಟು ಬೀಳುವುದು ‘ಅ’ ಮೇಲೆ, ಆದರೆ ಭಾರ ಇರುವುದು ‘ದೋ’ ಮೇಲೆ. ಗಣದ ಮೊದಲಲ್ಲಿ ಲಘು ಬಂದು ಅದರ ಬೆನ್ನಿಗೇ ಗುರು ಬಂದರೆ, ಆ ಗುರು ತಾಳದ ಪೆಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಓದುವವರು ತಮಗೆ ಗೊತ್ತಿಲ್ಲದೆಯೇ ಅದನ್ನು ಸರಿಪಡಿಸಲು ಹೋಗಿ ‘ಆದೊ’ ಎಂದು ಮೊದಲಕ್ಷರವನ್ನು ಎಳೆಯುತ್ತಾರೆ, ಇಲ್ಲವೇ ‘ಅದೊ’ ಎಂದು ಕೊನೆಯದನ್ನು ಕತ್ತರಿಸುತ್ತಾರೆ. ಗಟ್ಟಿಯಾಗಿ ಓದುವಾಗ ಬರಹದಲ್ಲಿಲ್ಲದ ದೀರ್ಘವೋ ಹ್ರಸ್ವವೋ ಬಾಯಿಗೆ ಬಂದರೆ, ಆ ಗಣದಲ್ಲಿ ∪ — ಕುಳಿತಿದೆ ಎಂದು ಅನುಮಾನಿಸಬಹುದು. ‘ಗಾಳಿ | ಬೀಸಿ | ನೋಡು | ಮೋಡ’ ಎಂದು ಬದಲಿಸಿದರೆ ಸಾಲು ಮತ್ತೆ ಓಡುತ್ತದೆ. ಹಾಕಿದ್ದು ಅದೇ ಮೂರು ಮಾತ್ರೆ, ತಿರುಗಿಸಿದ್ದು ಅವುಗಳ ಕ್ರಮ ಮಾತ್ರ.

ಲೆಕ್ಕದಲ್ಲಿ ಮೂರು ಮಾತ್ರೆಯನ್ನು 3 ಬಗೆಯಾಗಿ, ನಾಲ್ಕನ್ನು 5 ಬಗೆಯಾಗಿ, ಐದನ್ನು 8 ಬಗೆಯಾಗಿ ಜೋಡಿಸಬಹುದು. ಲಘು-ಗುರುವಿನಿಂದ ಶುರುವಾಗುವವನ್ನು ಬಿಟ್ಟರೆ ಉಳಿಯುವುದು 2, 4 ಮತ್ತು 6. ಮಾತ್ರಾಗಣದ ಕನ್ನಡ ಪದ್ಯ ಬಹುಮಟ್ಟಿಗೆ ಓಡಾಡುವುದು ಈ ಹನ್ನೆರಡು ರೂಪಗಳಲ್ಲಿ. ಕವಿಗಳು ಎಲ್ಲೆಡೆಯೂ ಇದನ್ನು ಒಂದೇ ಬಿಗಿಯಲ್ಲಿ ಪಾಲಿಸಿದ್ದಾರೆಂದಲ್ಲ, ಆದರೆ ನಡೆ ನಯವಾಗಿರುವ ಕಡೆಯೆಲ್ಲ ಇದು ಕಾಣುತ್ತದೆ. ಅಚ್ಚಗನ್ನಡದ ಮಾತುಗಳಿಗೂ ಇದು ಒಗ್ಗಿದ ಸ್ಥಿತಿಯೇ. ಮರ, ಗಾಳಿ, ಮಳೆ, ಹೂವು, ಬೆಟ್ಟ, ಇವು ಯಾವುವೂ ಲಘು-ಗುರುವಿನಿಂದ ಮೊದಲಾಗುವುದಿಲ್ಲ. ಅಂಥ ಮಾತುಗಳು ಹೆಚ್ಚಾಗಿ ಸಂಸ್ಕೃತದಿಂದ ಬಂದವು: ವಸಂತ, ವಿಶಾಲ, ಸಮಸ್ತ, ಮನೋಜ್ಞ.

ನಾಲ್ಕು ಮಾತ್ರೆಯ ಗಣದಲ್ಲಿ ಈ ತೊಡರು ಇನ್ನೂ ಚೆನ್ನಾಗಿ ಕಾಣುತ್ತದೆ. ‘ಗಾಳಿಯು | ಬೀಸಿತು | ವಸಂತ | ಬಂದಿತು’ ಎಂಬ ಸಾಲಿನಲ್ಲಿ ‘ವಸಂತ’ ಜಗಣ, ಎಂದರೆ ∪ — ∪. ಮಂದಾನಿಲದ ಗಣಕ್ಕೆ ಮೊದಲ ಮಾತ್ರೆಯಲ್ಲಿ ದೊಡ್ಡ ಪೆಟ್ಟು, ಮೂರನೆಯದರಲ್ಲಿ ಸಣ್ಣ ಪೆಟ್ಟು ಎಂದು ಆಗಲೇ ಹೇಳಿದೆ. ‘ಸಂ’ ಎಂಬ ಗುರು ಎರಡನೆಯ ಮಾತ್ರೆಯಲ್ಲಿ ಶುರುವಾಗಿ ಮೂರನೆಯದರಲ್ಲಿ ಮುಗಿಯುತ್ತದೆ. ಸಣ್ಣ ಪೆಟ್ಟು ಬೀಳಬೇಕಾದ ಕ್ಷಣದಲ್ಲಿ ಬಾಯಿ ಒಂದು ಅಕ್ಷರದ ನಡುವೆ ಇರುತ್ತದೆ, ಹೊಸ ಅಕ್ಷರವಿಲ್ಲ. ಪೆಟ್ಟು ಹೂತುಹೋಗುತ್ತದೆ. ‘ಚೈತ್ರವು | ಬಂದಿತು’ ಎಂದರೆ ಮೂರನೆಯ ಮಾತ್ರೆಗೆ ಸರಿಯಾಗಿ ‘ತ್ರ’ ಬಂದು ಕೂರುತ್ತದೆ, ನಡೆ ಸರಾಗವಾಗುತ್ತದೆ.

ಹಾಗಾದರೆ ಜಗಣ ದೋಷವೇ? ರಗಳೆಗೆ ದೋಷ, ಕಂದಪದ್ಯಕ್ಕೆ ಅದೇ ಅಲಂಕಾರ. ಮೊದಲಲ್ಲಿ ಕೊಟ್ಟ ‘ವಿಶಾಲ ನಗರ’ದ ಸಾಲು ಕಂದದ್ದು. ಅರ್ಧ ಪದ್ಯ ಪೂರ್ತಿಯಾಗಿ ಹೀಗಿದೆ:

ಗಾಳಿಯು | ಬೀಸಲು | ಮೋಡಂ
ತಾಳದೊ | ಳಾಡುತ | ವಿಶಾಲ | ನಗರಕೆ | ಬಂತೈ

ಕಂದವೂ ನಾಲ್ಕು ಮಾತ್ರೆಯ ಗಣಗಳಿಂದಲೇ ಆದದ್ದು. ಮೊದಲ ಸಾಲಿಗೆ ಮೂರು ಗಣ, ಎರಡನೆಯದಕ್ಕೆ ಐದು, ಒಟ್ಟು ಎಂಟು. ಇವುಗಳಲ್ಲಿ ಬೆಸ ಸಂಖ್ಯೆಯ ಗಣಗಳಲ್ಲಿ ಜಗಣ ಬರಕೂಡದು. ಆದರೆ ಆರನೆಯ ಗಣ ಜಗಣವಾಗಿರಬೇಕು, ಇಲ್ಲವೇ ನಾಲ್ಕೂ ಲಘುಗಳಾಗಿರಬೇಕು. ‘ವಿಶಾಲ’ ಸರಿಯಾಗಿ ಆ ಆರನೆಯ ಜಾಗದಲ್ಲಿದೆ. ಐದು ಗಣಗಳು ಸಮವಾಗಿ ನಡೆದು ಬಂದು ಕಿವಿಗೆ ಮಂದಾನಿಲದ ಅಭ್ಯಾಸ ಹತ್ತುವಷ್ಟರಲ್ಲಿ ಆರನೆಯದು ಆ ಸಣ್ಣ ಪೆಟ್ಟನ್ನು ಹೂಳುತ್ತದೆ. ಪದ್ಯ ಹಾಡಾಗಿ ಉರುಳಿಹೋಗದೆ ಮಾತಿನ ಗಾಂಭೀರ್ಯಕ್ಕೆ ಮರಳುತ್ತದೆ. ಸಾಲುಗಳ ಅಳತೆ 12 ಮತ್ತು 20 ಎಂದು ಬೇರೆಬೇರೆ ಇರುವುದೂ ಇದಕ್ಕೆ ನೆರವಾಗುತ್ತದೆ. ಪಂಪನಿಂದ ಹಿಡಿದು ಚಂಪೂ ಕವಿಗಳು ಕತೆಯನ್ನು ಮುಂದಕ್ಕೆ ಸಾಗಿಸಲು, ಮಾತು ಆಡಿಸಲು ಕಂದವನ್ನು ಇಷ್ಟು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಒಂದೇ ನಾಲ್ಕರ ಗಣ. ಜಗಣ ದೂರವಿಟ್ಟರೆ ಹಾಡು, ಸರಿಯಾದ ಜಾಗದಲ್ಲಿ ಒಂದನ್ನು ಕೂರಿಸಿದರೆ ಮಾತು.

ಇನ್ನು ಮಾತಿನ ಗಡಿ ಮತ್ತು ಗಣದ ಗಡಿ. ಮೇಲಿನ ಉತ್ಸಾಹ, ಮಂದಾನಿಲ ಪದ್ಯಗಳಲ್ಲಿ ಬಹುತೇಕ ಒಂದು ಗಣಕ್ಕೆ ಒಂದು ಮಾತು. ಇದರಿಂದ ತಾಳ ಎದ್ದು ಕಾಣುತ್ತದೆ, ಆದರೆ ಹತ್ತು ಸಾಲು ಹೀಗೆಯೇ ಹೋದರೆ ಓದುವವರ ದನಿ ಯಂತ್ರವಾಗುತ್ತದೆ. ‘ಹನಿಗ | ಳಾಡಿ’, ‘ಮೆಲ್ಲಮೆ | ಲ್ಲನೆ’ ಎಂದು ಮಾತು ಗಡಿ ದಾಟಿದ ಕಡೆ ನೋಡಿ. ಪೆಟ್ಟು ಮಾತಿನ ನಡುವೆ ಬೀಳುತ್ತದೆ, ತಾಳ ಒಳಗೆ ಸರಿದು ಅರ್ಥ ಮುಂದೆ ಬರುತ್ತದೆ. ಈ ದಾಟುವಿಕೆಯನ್ನು ಎಷ್ಟು ಬೇಕೋ ಅಷ್ಟು ಬೆರೆಸುವುದರಲ್ಲಿ ಕವಿಯ ಹದ ಇರುತ್ತದೆ.

20ನೆಯ ಶತಮಾನದ ಮೊದಲರ್ಧದಲ್ಲಿ ಬಿ.ಎಂ.ಶ್ರೀ., ಮಾಸ್ತಿ, ಗೋವಿಂದ ಪೈ, ಕುವೆಂಪು ಮೊದಲಾದವರು ಈ ಹದವನ್ನೇ ಹಿಡಿದು ಲಲಿತ ರಗಳೆಯಿಂದ ಸರಳ ರಗಳೆಯನ್ನು ಬೆಳೆಸಿದರು. ಅಂತ್ಯಪ್ರಾಸ, ಆದಿಪ್ರಾಸ ಎರಡನ್ನೂ ಬಿಟ್ಟರು, ವಾಕ್ಯ ಸಾಲಿನ ಕೊನೆಗೇ ಮುಗಿಯಬೇಕೆಂಬ ಪದ್ಧತಿಯನ್ನೂ ಬಿಟ್ಟರು. ಉಳಿಸಿಕೊಂಡದ್ದು ಐದರ ನಾಲ್ಕು ಗಣ ಮಾತ್ರ. 1949ರಲ್ಲಿ ಬಂದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ಉದ್ದಕ್ಕೂ ಹರಿಯುವುದು ಈ ನಡೆ. ನಮ್ಮ ಮಳೆಯನ್ನೇ, ಗಾಂಧಿ ಬಜಾರಿನ ಹೂವಿನಂಗಡಿಯೊಂದರ ಮುಂದೆ ನಿಲ್ಲಿಸಿ, ಸರಳ ರಗಳೆಗೆ ಹಾಕಿದರೆ:

ಗಾಳಿಯಲೆ ಬೀಸಿತದೊ. ಮೋಡಗಳು ಕೂಡುತಿರೆ
ಬೀದಿಯಂಗಡಿಯವನು ಹೂವ ಬುಟ್ಟಿಯ ಮೇಲೆ
ತೆಳುವಾದ ಹಾಳೆಯನು ಹರಡಿದನು, ಹನಿಯೊಂದು
ಬಿತ್ತು. ಮತ್ತೊಂದು. ಆ ಬಳಿಕ ಊರೆಲ್ಲ ಮಳೆ.

ಪ್ರತಿ ಸಾಲೂ 20 ಮಾತ್ರೆ, ಪ್ರತಿ ಗಣವೂ ಐದು. ಮೊದಲ ಸಾಲಿನಲ್ಲಿ ಮಾತುಗಳೂ ಗಣಗಳೂ ಕೈಹಿಡಿದು ನಡೆಯುತ್ತವೆ. ಮೂರನೆಯ ಸಾಲಿನಲ್ಲಿಯೂ ಹಾಗೆಯೇ: ತೆಳುವಾದ, ಹಾಳೆಯನು, ಹರಡಿದನು, ಹನಿಯೊಂದು. ಕೈ ಹಾಳೆ ಹರಡುವಾಗಿನ ಸರಾಗ ಆ ಸಾಲಿಗಿದೆ. ನಾಲ್ಕನೆಯದಕ್ಕೆ ಬಂದಾಗ ಪ್ರಸ್ತಾರ ಹೀಗಾಗುತ್ತದೆ:

ಬಿತ್ತು. ಮ | ತ್ತೊಂದು. ಆ | ಬಳಿಕ ಊ | ರೆಲ್ಲ ಮಳೆ

ಗಣದ ಗಡಿಗಳಿರುವುದು 5, 10, 15, 20ನೆಯ ಮಾತ್ರೆಗಳ ಕೊನೆಗೆ. ಮಾತುಗಳು ಮುಗಿಯುವುದು 3, 8, 10, 13, 18, 20ರಲ್ಲಿ. ‘ಮತ್ತೊಂದು’, ‘ಊರೆಲ್ಲ’ ಎರಡೂ ತಮ್ಮಷ್ಟಕ್ಕೆ ಐದು ಮಾತ್ರೆಯ ಮಾತುಗಳೇ, ಒಂದೊಂದು ಗಣವನ್ನು ಪೂರ್ತಿ ತುಂಬಬಲ್ಲವು. ಆದರೆ ‘ಬಿತ್ತು’ ಎಂಬ ಮೂರು ಮಾತ್ರೆಯ ಮಾತು ಮುಂದೆ ನಿಂತು ಇಡೀ ಸಾಲನ್ನು ಪಕ್ಕಕ್ಕೆ ಸರಿಸಿಬಿಟ್ಟಿದೆ. ಮೂರನೆಯ ಸಾಲಿನ ಸರಾಗದ ನಂತರ ಹನಿ ಬಿದ್ದದ್ದು ಹೀಗೆ, ತಾಳ ತಪ್ಪಿದಂತೆ ಬಿದ್ದಿದೆ. ತಾಳ ಮಾತ್ರ ತಪ್ಪಿಲ್ಲ. ಹನಿಗಳು ಯಾವಾಗ ಬೀಳುತ್ತವೆಂದು ಹೇಳಲು ಬರುವುದಿಲ್ಲ ಎಂಬುದನ್ನು ಸಾಲು ಮಾತಿನಲ್ಲಿ ಹೇಳದೆ ನಡೆಯಲ್ಲಿ ಹೇಳುತ್ತದೆ.

ಇಂಥ ಸಾಲನ್ನು ಓದುವಾಗ ಎರಡು ಕಡೆ ಎಚ್ಚರ ಬೇಕು. ಮೂರನೆಯ ಸಾಲಿನ ಕೊನೆಗೆ, ಅಚ್ಚಿನಲ್ಲಿ ಸಾಲು ಮುರಿದಿದೆ ಎಂಬ ಕಾರಣಕ್ಕೆ, ‘ಹನಿಯೊಂದು’ ಎಂದು ನಿಂತುಬಿಟ್ಟರೆ ವಾಕ್ಯ ತುಂಡಾಗುತ್ತದೆ. ‘ಹನಿಯೊಂದು ಬಿತ್ತು’ ಎಂದು ಒಂದೇ ಉಸಿರಿಗೆ ದಾಟಿ, ‘ಬಿತ್ತು’ವಿನ ನಂತರ ನಿಲ್ಲಬೇಕು. ಹಾಗೆಂದು ಗಣವನ್ನು ಪೂರ್ತಿ ಮರೆತು ಗದ್ಯದಂತೆ ಓದಿದರೆ ‘ಬಿತ್ತು. ಮತ್ತೊಂದು’ ಎಂಬಲ್ಲಿನ ಪಲ್ಲಟ ಯಾರ ಕಿವಿಗೂ ಬೀಳುವುದಿಲ್ಲ, ಏಕೆಂದರೆ ಪಲ್ಲಟವಾಗಲು ಅಲ್ಲೊಂದು ನಡೆಯೇ ಉಳಿದಿರುವುದಿಲ್ಲ. ಮೊದಲ ಮೂರು ಸಾಲುಗಳನ್ನು ಬೆರಳಿನಲ್ಲಿ ತಾಳ ಹಿಡಿದೇ ಓದಿ, ನಾಲ್ಕನೆಯದರಲ್ಲಿಯೂ ಬೆರಳನ್ನು ಅದೇ ಲಯದಲ್ಲಿ ಬಿಟ್ಟು, ದನಿಯನ್ನು ಮಾತ್ರ ಅರ್ಥದ ಹಿಂದೆ ಕಳಿಸಬೇಕು. ಆಗ ‘ಮ’, ‘ಆ’, ‘ಊ’ ಅಕ್ಷರಗಳು ಮೊದಲ ಮೂರು ಗಣಗಳ ಕೊನೆಯಲ್ಲಿ ಗುರುಗಳಾಗಿ ನಿಂತು ಮುಂದಿನ ಪೆಟ್ಟಿಗೆ ಕಾಯುವುದು ಕೇಳಿಸುತ್ತದೆ. ‘ಊರೆಲ್ಲ’ದ ‘ರೆ’ ಮೇಲೆ ಕೊನೆಯ ಪೆಟ್ಟು ಬಿದ್ದು, ಉಳಿದ ಮೂರು ಲಘುಗಳಲ್ಲಿ ಸಾಲು ಹಗುರವಾಗಿ ಮುಗಿಯುತ್ತದೆ.